ಸಂದರ್ಶನದ ಮೂರು ಮೇಜುಗಳು
(ಉದ್ಯೋಗಾಕಾಂಕ್ಷಿ ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಲೇಖನ ರೂಪ)



ಕಾರ್ಖಾನೆಯೊಂದು 'ನೇರ ಸಂದರ್ಶನ' ಎಂದು ಪ್ರಕಟಣೆ ಹೊರಡಿಸಿದರೆ ಅದರ ಗೇಟಿನ ಮುಂದೆ ಬೆಳಗ್ಗೆಯೇ ನೂರಾರು ಯುವಕರು ಸಾಲುಗಟ್ಟುತ್ತಾರೆ. ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಸಾಮಾನ್ಯವಾಗಿ ಒಳಗೆ ಮೂರು ಮೇಜುಗಳನ್ನು ದಾಟಬೇಕಾಗುತ್ತದೆ. ಮೊದಲನೆಯದರಲ್ಲಿ ದಾಖಲೆ, ಎರಡನೆಯದರಲ್ಲಿ ಕೆಲಸದ ತಿಳುವಳಿಕೆ, ಮೂರನೆಯದರಲ್ಲಿ ಸಂಬಳ. ನಮ್ಮ ಹುಡುಗರು ಎರಡನೆಯದಕ್ಕೆ ಹೆದರುತ್ತಾರೆ. ಆದರೆ ಎಡವುವುದು ಹೆಚ್ಚಾಗಿ ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ.

ಐಟಿಐ ಫಿಟ್ಟರ್ ತರಬೇತಿ ಮುಗಿಸಿದ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವನು 'ಮೊಹಮ್ಮದ್', ಆಧಾರ್‌ನಲ್ಲಿ 'ಮುಹಮ್ಮದ್', ಪ್ಯಾನ್ ಕಾರ್ಡಿನಲ್ಲಿ ಬರೀ 'ಎಂ.ಡಿ.'. ಮನೆಯವರ ಪಾಲಿಗೆ ಮೂವರೂ ಒಬ್ಬನೇ. ಭವಿಷ್ಯನಿಧಿಯ ಗಣಕಯಂತ್ರಕ್ಕೆ ಹಾಗಲ್ಲ. ಹೆಸರಾಗಲಿ ಜನ್ಮದಿನಾಂಕವಾಗಲಿ ಹೊಂದದಿದ್ದರೆ ಖಾತೆ ತೆರೆಯುವಾಗಲೇ ತೊಡಕು, ಇಲ್ಲವೇ ಕೆಲಸ ಬಿಟ್ಟ ಮೇಲೆ ಹಣ ಹಿಂಪಡೆಯುವಾಗ ತಡೆ. ಇದನ್ನು ಬಲ್ಲ ಸಿಬ್ಬಂದಿ ಅಂಥ ಅರ್ಜಿಯನ್ನು ಬದಿಗಿರಿಸಿ ಮುಂದಿನವನನ್ನು ಕರೆಯುವುದುಂಟು. ಆದ್ದರಿಂದ ಸಂದರ್ಶನದ ಪ್ರಕಟಣೆಗೆ ಕಾಯದೆ ಈಗಲೇ ಎಲ್ಲ ದಾಖಲೆಗಳನ್ನೂ ಒಟ್ಟಿಗಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಅಂಕಪಟ್ಟಿಯ ತಿದ್ದುಪಡಿ ದೀರ್ಘ ಅಲೆದಾಟದ ಕೆಲಸ. ಅದರಲ್ಲಿ ತಪ್ಪಿಲ್ಲದಿದ್ದರೆ ಅದನ್ನೇ ಆಧಾರವಾಗಿಟ್ಟುಕೊಂಡು ಉಳಿದವುಗಳನ್ನು ಸರಿಪಡಿಸುವುದು ಜಾಣತನ. ಆಧಾರ್‌ನಲ್ಲಿ ಹೆಸರನ್ನು ಬದಲಿಸಲು ಸಾಮಾನ್ಯವಾಗಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಅವಸರದಲ್ಲಿ ಅದನ್ನು ವ್ಯರ್ಥ ಮಾಡಬೇಡಿ.

ಅಂಕಪಟ್ಟಿ, ಐಟಿಐ ಪ್ರಮಾಣಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರಗಳು, ಹಿಂದೆ ದುಡಿದಿದ್ದರೆ ಅಲ್ಲಿಯ ಬಿಡುಗಡೆ ಪತ್ರ ಮತ್ತು ಭವಿಷ್ಯನಿಧಿ ಸಂಖ್ಯೆ, ಇವಿಷ್ಟು ಸಾಕು. ಜೆರಾಕ್ಸ್ ಪ್ರತಿಗಳಿಗೆ ಸಹಿ, ದಿನಾಂಕ ಹಾಕಿ ಕೊಡಿ. ಮೂಲಪತ್ರವನ್ನು ತೋರಿಸಿ, ಆದರೆ ಒಪ್ಪಿಸಿ ಬರಬೇಡಿ. 'ಸೇರಿದ ಮೇಲೆ ಹಿಂತಿರುಗಿಸುತ್ತೇವೆ' ಎನ್ನುವವನೂ, ಸಮವಸ್ತ್ರದ ಠೇವಣಿಯೆಂದು ಹಣ ಕೇಳುವವನೂ ಉದ್ಯೋಗ ಕೊಡಲು ಕುಳಿತವನಲ್ಲ.

ಎರಡನೆಯ ಮೇಜಿನಲ್ಲಿ ಫಿಟ್ಟರನ ಕೈಗೆ ವರ್ನಿಯರ್ ಕ್ಯಾಲಿಪರ್ ಕೊಟ್ಟು, ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ ಎಷ್ಟೆಂದು ಕೇಳಬಹುದು. ಕಾರ್ಯಾಗಾರದ ಸಾಮಾನ್ಯ ಉಪಕರಣದಲ್ಲಿ ಅದು 0.02 ಮಿಲಿಮೀಟರ್. ಉತ್ತರ ಹೇಳಿದರೆ ಸಾಲದು, ಒಂದು ತುಣುಕನ್ನು ಅಳೆದು ತೋರಿಸಬೇಕು. 'ನಿಮ್ಮ ಬಗ್ಗೆ ಹೇಳಿ' ಎಂದರೆ ತಂದೆಯ ಹೆಸರು, ಊರು, ಹವ್ಯಾಸಗಳಿಂದ ಆರಂಭಿಸುವವರೇ ಹೆಚ್ಚು. ಅದೆಲ್ಲ ಅವರ ಎದುರಿನ ಅರ್ಜಿಯಲ್ಲೇ ಇದೆ. ಯಾವ ಯಂತ್ರದಲ್ಲಿ ದುಡಿದಿರಿ, ಏನನ್ನು ತಯಾರಿಸಿದಿರಿ, ಯಾವ ಪಾಳಿಗೆ ಸಿದ್ಧರಿದ್ದೀರಿ ಎಂಬುದನ್ನು ಹೇಳಿ. ಇಂಗ್ಲಿಷ್ ತೊದಲುವುದಾದರೆ ಕನ್ನಡದಲ್ಲೇ ಸ್ಪಷ್ಟವಾಗಿ ಹೇಳಿ. ಫಿಟ್ಟರನಿಂದ ಅವರಿಗೆ ಬೇಕಾಗಿರುವುದು ಭಾಷಣವಲ್ಲ.

ಮೂರನೆಯ ಮೇಜಿಗೆ ಬರುವಷ್ಟರಲ್ಲಿ ಹುಡುಗನಿಗೆ ಕೆಲಸ ಸಿಕ್ಕ ಸಂಭ್ರಮ. 'ತಿಂಗಳಿಗೆ ಹದಿನೆಂಟು ಸಾವಿರ' ಎಂದೊಡನೆ ತಲೆಯಾಡಿಸುತ್ತಾನೆ. ಅಲ್ಲಿ ಹೇಳುವ ಮೊತ್ತ ಹಲವು ವೇಳೆ 'ಸಿಟಿಸಿ', ಅಂದರೆ ಅವನಿಗಾಗಿ ಕಂಪೆನಿ ಮಾಡುವ ಒಟ್ಟು ವೆಚ್ಚ. ಲೆಕ್ಕ ಬಿಡಿಸಿ ನೋಡೋಣ. ಮೂಲವೇತನ 12,000, ಮನೆಬಾಡಿಗೆ ಭತ್ಯೆ 4,000, ಒಟ್ಟು 16,000 ರೂಪಾಯಿ. ಇದರ ಮೇಲೆ ಕಂಪೆನಿ ಕಟ್ಟುವ ಭವಿಷ್ಯನಿಧಿ ಮೂಲವೇತನದ ಶೇ. 12ರಂತೆ 1,440 ಮತ್ತು ಇಎಸ್ಐ ಶೇ. 3.25ರಂತೆ 520. ಸೇರಿಸಿದರೆ 17,960. ಇದೇ ಅವರ ಹದಿನೆಂಟು ಸಾವಿರ! ಇನ್ನು ನೌಕರನ 16,000ದಿಂದ ಅವನ ಪಾಲಿನ ಭವಿಷ್ಯನಿಧಿ 1,440, ಇಎಸ್ಐ ಶೇ. 0.75ರಂತೆ 120 ಕಡಿತ. ಕೈಗೆ ಬರುವುದು 14,440. ಕ್ಯಾಂಟೀನ್ ಮತ್ತು ಬಸ್ಸಿಗೆ ಕಡಿತವಿದ್ದರೆ ಇನ್ನೂ ಕಡಿಮೆ.

ಇದು ವಂಚನೆಯೇನೂ ಅಲ್ಲ. ಭವಿಷ್ಯನಿಧಿ ನಿಮ್ಮದೇ ಉಳಿತಾಯ, ಇಎಸ್ಐ ನಿಮ್ಮ ಕುಟುಂಬದ ಚಿಕಿತ್ಸೆಗೆ. ಆದರೆ ಊರು ಬಿಟ್ಟು ಬಾಡಿಗೆ ಕೋಣೆ ಹಿಡಿದು ಮನೆಗೂ ಹಣ ಕಳುಹಿಸಬೇಕಾದವನಿಗೆ ಆ ಮೂರೂವರೆ ಸಾವಿರದ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ವಿನಯದಿಂದಲೇ ಕೇಳಿ: "ಸರ್, ಎಲ್ಲ ಕಡಿತದ ನಂತರ ಬ್ಯಾಂಕಿಗೆ ಜಮೆಯಾಗುವುದು ಎಷ್ಟು?"

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ: "ನಾನು ಯಾರ ನೌಕರ?" ಗೇಟಿನ ಮೇಲೆ ದೊಡ್ಡ ಕಂಪೆನಿಯ ಹೆಸರಿರುತ್ತದೆ, ಸಂಬಳ ಕೊಡುವವನು ಗುತ್ತಿಗೆದಾರ. ಎಷ್ಟೋ ಹುಡುಗರಿಗೆ ಇದು ತಿಳಿಯುವುದು ಮೊದಲ ಸಂಬಳದ ಚೀಟಿ ನೋಡಿದಾಗ. ಗುತ್ತಿಗೆಯ ಕೆಲಸ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಗುತ್ತಿಗೆ ಮುಗಿದರೆ ಏನಾಗುತ್ತದೆ, ಭವಿಷ್ಯನಿಧಿಯನ್ನು ಯಾರು ಕಟ್ಟುತ್ತಾರೆ ಎಂಬುದನ್ನು ಅರಿತು ಸೇರಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ನೀಡುವುದನ್ನು ಕಡ್ಡಾಯಗೊಳಿಸಿವೆ. ಆ ಪತ್ರ ಕೈಸೇರಿದಾಗ ಸಂಬಳದ ಅಂಕಿಗಿಂತ ಮೊದಲು ತಲೆಬರಹದಲ್ಲಿರುವ ಸಂಸ್ಥೆಯ ಹೆಸರನ್ನು ಓದಿ. ಮೂರನೆಯ ಮೇಜಿನಲ್ಲಿ ನಿಮಗೆ ಹೇಳಿದ ಹೆಸರೇ ಅದಾಗಿದ್ದರೆ ಸಹಿ ಹಾಕಿ.