ಒಂದೇ ಕೋಣೆಯ ಕಂತು, ಹಳೇ ತುಣುಕಿನ ಕಂತು

ಚೆನ್ನಾಗಿ ಓಡುತ್ತಿರುವ ಧಾರಾವಾಹಿಯಲ್ಲಿ ಒಂದು ವಾರ ಇದ್ದಕ್ಕಿದ್ದಂತೆ ಕಥೆ ಒಂದೇ ಕೋಣೆಯೊಳಗೆ ಕೂತುಬಿಡುತ್ತದೆ. ಇನ್ನೊಂದು ವಾರ ಪಾತ್ರಗಳು ಹಳೆಯದನ್ನು ನೆನೆಯುತ್ತಾ ನಾವು ಕಂಡ ದೃಶ್ಯಗಳನ್ನೇ ಮತ್ತೆ ತೋರಿಸುತ್ತವೆ. ಅಮೆರಿಕದ ಟಿವಿ ಜನ ಮೊದಲನೆಯದನ್ನು ಬಾಟಲ್ ಎಪಿಸೋಡ್ ಎನ್ನುತ್ತಾರೆ, ಎರಡನೆಯದನ್ನು ಕ್ಲಿಪ್ ಶೋ. ಎರಡರ ಹಿಂದೆಯೂ ಸಾಮಾನ್ಯವಾಗಿ ಇರುವುದು ದುಡ್ಡಿನ ಲೆಕ್ಕ.

ಅಲ್ಲಿ ಒಂದು ಸೀಸನ್‌ಗೆ ಇಂತಿಷ್ಟು ಕಂತು, ಇಂತಿಷ್ಟು ಹಣ ಎಂದು ಮೊದಲೇ ಗೊತ್ತಾಗಿರುತ್ತದೆ. ಒಂದು ಕಂತಿಗೆ ಹೆಚ್ಚು ಸುರಿದರೆ ಇನ್ನೊಂದರಲ್ಲಿ ಉಳಿಸಲೇಬೇಕು. ಹೊರಾಂಗಣ ಎಂದರೆ ಲಾರಿ, ಅನುಮತಿ, ಊಟ, ಪ್ರಯಾಣ. ಹೊಸ ಸೆಟ್ ಎಂದರೆ ಬಡಗಿಗಳು, ಬಣ್ಣದವರು. ಈಗಾಗಲೇ ನಿಂತಿರುವ ಸೆಟ್‌ನಲ್ಲಿ, ಸಂಬಳದ ಮೇಲಿರುವ ಖಾಯಂ ನಟರನ್ನೇ ಕೂರಿಸಿದರೆ ಇಷ್ಟೆಲ್ಲ ಖರ್ಚು ತಪ್ಪುತ್ತದೆ.

ಉದಾಹರಣೆಗೆ, 1964ರ ಜನವರಿಯಲ್ಲಿ ‘ದಿ ಔಟರ್ ಲಿಮಿಟ್ಸ್’ ಸರಣಿಯ ಸೃಷ್ಟಿಕರ್ತ ಲೆಸ್ಲಿ ಸ್ಟೀವನ್ಸ್ ‘ಕಂಟ್ರೋಲ್ಡ್ ಎಕ್ಸ್‌ಪೆರಿಮೆಂಟ್’ ಎಂಬ ಕಂತನ್ನು ತಾನೇ ಬರೆದು ನಿರ್ದೇಶಿಸಿದ. ಮಂಗಳ ಗ್ರಹದಿಂದ ಬಂದ ಇಬ್ಬರು ಒಂದು ಹೋಟೆಲಿನ ಲಾಬಿಯಲ್ಲಿ ನಡೆಯುವ ಕೊಲೆಯನ್ನು ತಮ್ಮ ಯಂತ್ರದಿಂದ ಹಿಂದಕ್ಕೆ ಓಡಿಸುತ್ತಾರೆ, ನಿಧಾನಿಸುತ್ತಾರೆ, ಮತ್ತೆ ನೋಡುತ್ತಾರೆ. ಒಮ್ಮೆ ತೆಗೆದ ದೃಶ್ಯ ಹಲವು ಸಲ ತೆರೆಗೆ ಬಂತು. ಜಾಗವನ್ನೂ ಉಳಿಸಿದ, ಫಿಲ್ಮನ್ನೂ ಉಳಿಸಿದ. ಆದರೆ ಆ ಮರುಬಳಕೆಯೇ ಕಥೆಯಾಗಿದ್ದರಿಂದ ನೋಡುವವರಿಗೆ ಮೋಸವಾಗಲಿಲ್ಲ.

ಕ್ಲಿಪ್ ಶೋ ಎಲ್ಲಿ ಕೆಡುತ್ತದೆ ಎಂದು ತಿಳಿಯಲು 1989ರ ಜುಲೈನಲ್ಲಿ ಪ್ರಸಾರವಾದ ‘ಶೇಡ್ಸ್ ಆಫ್ ಗ್ರೇ’ ನೋಡಬೇಕು. ಅದು ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಸರಣಿಯ ಎರಡನೇ ಸೀಸನ್ನಿನ ಕೊನೆಯ ಕಂತು. ಹಿಂದಿನ ವರ್ಷ ಬರಹಗಾರರ ಮುಷ್ಕರದಿಂದ ಆ ಸೀಸನ್ ತಡವಾಗಿ ಶುರುವಾಗಿ 22 ಕಂತಿಗೆ ಇಳಿದಿತ್ತು. ಬೋರ್ಗ್ ಎಂಬ ಶತ್ರುಗಳು ಮೊದಲು ಕಾಣಿಸಿಕೊಂಡ ‘ಕ್ಯೂ ಹೂ’ದಂಥ ಕಂತುಗಳಿಗೆ ಹೆಚ್ಚು ಖರ್ಚಾಗಿತ್ತು. ಆ ಹಣವನ್ನು ಉಳಿಸಿಕೊಡಿ ಎಂದು ಸ್ಟುಡಿಯೋ ಪಟ್ಟು ಹಿಡಿಯಿತು. ಕೊನೆಯ ಕಂತನ್ನು ಮೂರೇ ದಿನದಲ್ಲಿ ಚಿತ್ರೀಕರಿಸಿದರು.

ಕಥೆ ಇಷ್ಟೇ. ಅನ್ಯಗ್ರಹದಲ್ಲಿ ಮುಳ್ಳು ಚುಚ್ಚಿ ಅಧಿಕಾರಿ ರೈಕರ್‌ನ ನರಗಳಿಗೆ ರೋಗಾಣು ಹತ್ತುತ್ತದೆ. ಅವನು ಹಾಸಿಗೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುತ್ತಾನೆ. ಡಾಕ್ಟರ್ ಪುಲಾಸ್ಕಿ ಮೆದುಳನ್ನು ಕೆಣಕಿ ಅವನ ನೆನಪುಗಳನ್ನು ಎಬ್ಬಿಸುತ್ತಾಳೆ. ಸಿಹಿ ನೆನಪಿಗೆ ರೋಗಾಣು ಬೆಳೆಯುತ್ತದೆ, ಕಹಿ ನೆನಪಿಗೆ ಕುಗ್ಗುತ್ತದೆ. ನೆನಪು ಎಂದರೆ ಹಳೇ ಕಂತುಗಳ ತುಣುಕುಗಳು. ಸರಣಿಯ ಅತ್ಯಂತ ಕಳಪೆ ಕಂತು ಎಂದು ಅಭಿಮಾನಿಗಳು ಇಂದಿಗೂ ಇದನ್ನೇ ತೋರಿಸುತ್ತಾರೆ, ಅದು ಸರಿ ಕೂಡ. ತುಣುಕುಗಳನ್ನು ತೆಗೆದರೆ ಅಲ್ಲಿ ಉಳಿಯುವುದು ಮಲಗಿದ ರೋಗಿ ಮತ್ತು ಯಂತ್ರ ನೋಡುವ ವೈದ್ಯೆ. ರೈಕರ್ ಎದ್ದ ಮೇಲೆ ಏನೂ ಬದಲಾಗಿರುವುದಿಲ್ಲ.

ಇದರ ಪಕ್ಕದಲ್ಲಿ 2010ರ ಮೇ ತಿಂಗಳಲ್ಲಿ ಬಂದ ‘ಬ್ರೇಕಿಂಗ್ ಬ್ಯಾಡ್’ ಸರಣಿಯ ‘ಫ್ಲೈ’ ಕಂತನ್ನು ಇಟ್ಟು ನೋಡಿ. ಅಲ್ಲೂ ಹಣ ಮೀರಿತ್ತು. ಲಾರಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದಕ್ಕೂ ದುಡ್ಡಿರಲಿಲ್ಲ ಎಂಬ ಅರ್ಥದಲ್ಲಿ ಸೃಷ್ಟಿಕರ್ತ ವಿನ್ಸ್ ಗಿಲಿಗನ್ ಹೇಳಿದ್ದಾರೆ. ಬಹುಪಾಲು ಕಂತು ನೆಲದಡಿಯ ಮಾದಕದ್ರವ್ಯ ಪ್ರಯೋಗಾಲಯದಲ್ಲೇ ನಡೆಯುತ್ತದೆ. ಒಂದು ನೊಣ ಒಳಗೆ ಬಂದಿದೆ, ಅದನ್ನು ಕೊಲ್ಲದೆ ಕೆಲಸ ಶುರುಮಾಡೆನೆಂದು ವಾಲ್ಟರ್ ಹಟ ಹಿಡಿಯುತ್ತಾನೆ. ಸಹಾಯಕ ಜೆಸ್ಸಿ ಕಾಫಿಯಲ್ಲಿ ನಿದ್ದೆ ಮಾತ್ರೆ ಬೆರೆಸುತ್ತಾನೆ. ಮಂಪರಿನಲ್ಲಿ ವಾಲ್ಟರ್, ಜೆಸ್ಸಿ ಹತ್ತಿದ ಏಣಿಯನ್ನು ಹಿಡಿದು ನಿಂತು, ಜೆಸ್ಸಿಯ ಪ್ರೇಯಸಿ ಜೇನ್ ವಿಚಾರಕ್ಕೆ ‘ಕ್ಷಮಿಸು’ ಎನ್ನುತ್ತಾನೆ. ಅವಳು ಸಾಯುವುದನ್ನು ಅವನು ಸುಮ್ಮನೆ ನಿಂತು ನೋಡಿದ್ದ. ಸತ್ಯ ಹೊರಬರುತ್ತದೋ ಇಲ್ಲವೋ ಎಂದು ನಾವು ಉಸಿರು ಬಿಗಿಹಿಡಿದಿರುತ್ತೇವೆ. ಅಷ್ಟು ಹೊತ್ತು ಇಬ್ಬರನ್ನೂ ಒಂದೇ ಕಡೆ ಕಟ್ಟಿಹಾಕಿದ್ದರಿಂದಲೇ ಆ ಒತ್ತಡ ಹುಟ್ಟಿತು.

ಹಾಗಾದರೆ ಮನೆಯಲ್ಲಿ ಕೂತು ಇಂಥ ಕಂತುಗಳನ್ನು ಗುರುತಿಸುವುದು ಹೇಗೆ? ಶುರುವಿನ ಹತ್ತು ನಿಮಿಷ ಸಾಕು. ಬಾಟಲ್ ಎಪಿಸೋಡ್ ಆದರೆ ಬಾಗಿಲು ಜಾಮ್ ಆಗುವುದು, ಬಿರುಗಾಳಿ, ಕಳೆದುಹೋದ ವಸ್ತು, ಹೀಗೆ ಯಾರೂ ಹೊರಗೆ ಹೋಗದಂತೆ ಕಾರಣವೊಂದು ಬರುತ್ತದೆ. ಹೊಸ ಮುಖಗಳು ಕಾಣುವುದಿಲ್ಲ. ಅಂಥ ಕಂತನ್ನು ಬಿಡಬೇಡಿ, ಬರಹಗಾರರ ಕೈಯಲ್ಲಿ ಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ. ಕ್ಲಿಪ್ ಶೋಗೆ ಗುರುತು ಬೇರೆ: ಕಾಯಿಲೆ, ವಿಚಾರಣೆ ಅಥವಾ ಹಳೇ ಆಲ್ಬಮ್. ‘ನೆನಪಿದೆಯಾ’ ಎಂದ ಕೂಡಲೇ ಮುಖ ಹತ್ತಿರವಾಗಿ ಚಿತ್ರ ಮಸುಕಾಗುತ್ತದೆ, ನಟರ ಕೂದಲು ಹಳೇ ರೀತಿಗೆ ತಿರುಗುತ್ತದೆ. ಒಮ್ಮೆ ಪ್ರಸಾರವಾದದ್ದು ಮತ್ತೆ ಸಿಗದ ಕಾಲದಲ್ಲಿ ಕ್ಲಿಪ್ ಶೋ ಉಪಯೋಗಕ್ಕೂ ಬರುತ್ತಿತ್ತು. ಕ್ಯಾಸೆಟ್, ಡಿವಿಡಿ, ಆಮೇಲೆ ಒಟಿಟಿ ಬಂದ ಮೇಲೆ ಆ ಕಾರಣ ಹೋಯಿತು.

2011ರಲ್ಲಿ ‘ಕಮ್ಯುನಿಟಿ’ ಎಂಬ ಹಾಸ್ಯ ಸರಣಿ ಕ್ಲಿಪ್ ಶೋದ ವೇಷ ಹಾಕಿಕೊಂಡೇ ಒಂದು ಕಂತು ಮಾಡಿತು. ಗೆಳೆಯರೆಲ್ಲ ಸೇರಿ ಹಳೆಯದನ್ನು ನೆನೆಯುತ್ತಾರೆ, ಆದರೆ ಅವರ ನೆನಪಿನ ದೃಶ್ಯಗಳಲ್ಲಿ ಬಹುಪಾಲು ಹಿಂದಿನ ಕಂತುಗಳಲ್ಲಿ ಬಂದವಲ್ಲ. ಕೆಲವೇ ಸೆಕೆಂಡಿನ ಅಂಥ ನೆನಪುಗಳಿಗೂ ಹೊಸ ಉಡುಪು, ಹೊಸ ಜಾಗ ಹೊಂದಿಸಿ ಹೊಸದಾಗಿಯೇ ಚಿತ್ರೀಕರಿಸಿದ್ದರು.