ಏರಿದ ಮೊತ್ತ ಮೊದಲ ಸಾಲಿನಲ್ಲಿರಲಿ

ಕಹಿ ಸುದ್ದಿ ತಿಳಿಸುವಾಗ ಮೊದಲು ನಾಲ್ಕು ಒಳ್ಳೆಯ ಮಾತಾಡಿ, ಆಮೇಲೆ ವಿಷಯಕ್ಕೆ ಬನ್ನಿ ಎಂದು ವ್ಯವಹಾರ ಪತ್ರದ ಪಠ್ಯಗಳು ಕಲಿಸುತ್ತ ಬಂದಿವೆ. ದರ ಏರಿಕೆಯ ಪತ್ರ ಹಾದಿ ತಪ್ಪಿದ್ದೇ ಈ ಪಾಠದಿಂದ.

2011ರ ಜುಲೈನಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್ ಡಿವಿಡಿ ಬಾಡಿಗೆಯನ್ನೂ ಆನ್‌ಲೈನ್ ವೀಕ್ಷಣೆಯನ್ನೂ ಬೇರೆಬೇರೆ ಮಾಡಿತು. ಡಿವಿಡಿಗೆ ಹಿಂದೆಂದೂ ಇಲ್ಲದಷ್ಟು ಕಡಿಮೆ ದರ ಎಂದು ಸಂಭ್ರಮದಿಂದಲೇ ಹೇಳಿಕೊಂಡಿತು. ಎರಡನ್ನೂ ಬಳಸುತ್ತಿದ್ದ ಹಳೆಯ ಚಂದಾದಾರ ಲೆಕ್ಕ ಹಾಕಿದರೆ ತಿಂಗಳ 9.99 ಡಾಲರ್ 15.98 ಆಗಿತ್ತು. ಆ ಮೊತ್ತವೂ ಪ್ರಕಟಣೆಯಲ್ಲಿತ್ತು, ಸುಳ್ಳೇನೂ ಇರಲಿಲ್ಲ. ಆದರೂ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಸುಮಾರು 8 ಲಕ್ಷ ಅಮೆರಿಕನ್ ಚಂದಾದಾರರು ಕಡಿಮೆಯಾದರು. ತಿಳಿಸಿದ ರೀತಿಯಲ್ಲಿ ಗೌರವ, ವಿನಯ ಇರಲಿಲ್ಲವೆಂದು ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಸೆಪ್ಟೆಂಬರಿನಲ್ಲಿ ಕ್ಷಮೆ ಕೇಳಿದರು. ಶೇ. 60ರಷ್ಟು ಏರಿಕೆಯೇ ಭಾರವಾಗಿತ್ತು, ನಿಜ. ಎಲ್ಲ ತಪ್ಪನ್ನೂ ಪತ್ರದ ತಲೆಗೆ ಕಟ್ಟಲಾಗದು.

ಅದೇ ದೇಶದ ಅಮೆಜಾನ್ 2014ರ ಮಾರ್ಚ್‌ನಲ್ಲಿ ಪ್ರೈಮ್ ಸದಸ್ಯರಿಗೆ ಬರೆದ ಪತ್ರ ನೋಡಿ. ನಿಮ್ಮ ಸದಸ್ಯತ್ವದ ದರ ಏರುತ್ತದೆ ಎಂಬುದೇ ಅದರ ಆರಂಭ. ಕೂಡಲೇ ಹೊಸ ವಾರ್ಷಿಕ ದರ 99 ಡಾಲರ್, ಅದು ಆ ಸದಸ್ಯರಿಗೆ ಅನ್ವಯವಾಗುವ ನವೀಕರಣದ ದಿನ. ಆಮೇಲೆ ಕಾರಣ: ಇಂಧನ, ಸಾಗಣೆ ವೆಚ್ಚ ಏರಿದರೂ ಒಂಬತ್ತು ವರ್ಷ ದರ ಏರಿಸಿರಲಿಲ್ಲ. ಮುಂದುವರಿಯಬೇಕೇ ಬೇಡವೇ ಎಂದು ಓದುಗ ಆ ಕ್ಷಣವೇ ತೀರ್ಮಾನಿಸಬಹುದು.

ವೆಚ್ಚ ಏರಿದ್ದಕ್ಕೆ ದರ ಏರಿಸಿದರೆ ಜನ ಒಪ್ಪುತ್ತಾರೆ, ಬೇಡಿಕೆ ಹೆಚ್ಚಿತೆಂದು ಏರಿಸಿದರೆ ಅನ್ಯಾಯವೆನ್ನುತ್ತಾರೆ ಎಂದು ಕಾನಮನ್, ನೆಚ್, ಥೇಲರ್ 1986ರ ಪ್ರಬಂಧದಲ್ಲೇ ತೋರಿಸಿದ್ದಾರೆ. ಆ ಪ್ರಬಂಧವನ್ನು ವರ್ಷಗಟ್ಟಲೆ ಪಾಠ ಮಾಡಿದವರು ಮುಂದಿನ ಸಾಲಿನಲ್ಲೇ ಕುಳಿತಿರುವಾಗ ಹೆಚ್ಚು ವಿವರಿಸುವುದು ಸಲ್ಲದು. ಆದರೆ ವೆಚ್ಚಕ್ಕಲ್ಲದ ಏರಿಕೆಯನ್ನು ಹೇಗೆ ತಿಳಿಸುವುದು ಎಂಬ, ನನ್ನನ್ನು ಬಹುಕಾಲದಿಂದ ಕಾಡುವ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ಮಧ್ಯಾಹ್ನದ ಊಟದ ಕ್ಯಾರಿಯರ್ ಕಳಿಸುವ ಮಹಿಳೆಯೊಬ್ಬರು ತಿಂಗಳ 2,400 ರೂಪಾಯಿಯನ್ನು 2,700 ಮಾಡಬೇಕಾಗಿದೆ ಎಂದುಕೊಳ್ಳಿ. ಎಣ್ಣೆ, ಗ್ಯಾಸು, ತರಕಾರಿಗೆ 180 ಹೆಚ್ಚಿದೆ. ಉಳಿದ 120 ಅವರ ದುಡಿಮೆಗೆ, ಇಷ್ಟು ವರ್ಷ ಅವರು ಕೇಳದೇ ಬಿಟ್ಟ ದುಡ್ಡು. ಪೂರ್ತಿ 300ನ್ನೂ ಗ್ಯಾಸಿನ ಮೇಲೆ ಹಾಕಿದರೆ ಅದು ಸುಳ್ಳು. ಸಿಲಿಂಡರಿನ ರೇಟು ಗಿರಾಕಿಗೂ ಗೊತ್ತು. ಮುಂದೆ ಗ್ಯಾಸು ಇಳಿದರೆ ದರ ಇಳಿಸಿ ಎಂದು ಗಿರಾಕಿಗಳು ಕೇಳಿಯೇ ಕೇಳುತ್ತಾರೆ. 120 ನನ್ನ ಆದಾಯಕ್ಕೆ ಎಂದು ಬರೆದರೆ, ಅದು ವೆಚ್ಚದ ಏರಿಕೆಯಲ್ಲವಾದ್ದರಿಂದ, ಆ ಸಂಶೋಧನೆಯ ಪ್ರಕಾರ ಗಿರಾಕಿ ಮುನಿಯಬಹುದು. ಕಾರಣವನ್ನೇ ಹೇಳದೆ ಮೊತ್ತ, ಜಾರಿಯ ದಿನ, ಬೇಡವಾದರೆ ನಿಲ್ಲಿಸುವ ದಾರಿ ಇಷ್ಟನ್ನೇ ಬರೆಯುವುದು ಮೂರನೆಯ ಮಾರ್ಗ. ಅದು ಪ್ರಾಮಾಣಿಕ, ಆದರೆ ಹತ್ತು ವರ್ಷದ ಗಿರಾಕಿಗೆ ಬಿಗುಮಾನವೆನಿಸೀತು.

ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸುವವರಲ್ಲಿ ಒಂದು ವಿನಂತಿ. ಸಿದ್ಧಾಂತಕ್ಕೆ ಮೊದಲು, ಆ 120 ರೂಪಾಯಿಯ ಸಾಲನ್ನು ಗಿರಾಕಿಗೆ ಹೇಗೆ ಬರೆಯುತ್ತೀರಿ ಎಂಬುದನ್ನು ಬರೆದು ಓದಿ ತೋರಿಸಿ.