ನಾಲ್ಕು ಪುಟದ ಪ್ರಾಜೆಕ್ಟ್ ಬ್ರೀಫ್, ಐದು ಮಂದಿ ಟೀಮ್: ಕೆಲಸ ಹಂಚೋದು ಹೆಂಗ?

ಲಕ್ಷ್ಮೇಶ್ವರ ತಾಲೂಕಿನ ಯಳವತ್ತಿಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಟ್ರ್ಯಾಕ್ಟರ್ ಸೌಂಡ್ ಕೇಳಿಸಿದ್ರ ಅಡ್ಜಸ್ಟ್ ಮಾಡ್ಕೋರಿ, ಕಡಲೆ ರಾಶಿ ನಡೆದೈತಿ.

ಇವತ್ತಿನ ವಿಷಯ ಡಿಗ್ರಿ ಓದೋರಿಗೆ. ಕಾಲೇಜಿನಲ್ಲಿ ಗ್ರೂಪ್ ಪ್ರಾಜೆಕ್ಟ್ ಅಂತ ನಾಲ್ಕು ಪುಟದ ಒಂದು ಬ್ರೀಫ್ ಕೊಡ್ತಾರೆ. ಅದನ್ನ ವಾಟ್ಸಾಪ್ ಗ್ರೂಪಿಗೆ ಹಾಕಿ, ಎಲ್ಲರೂ ಒಂದು ಥಂಬ್ಸಪ್ ಒತ್ತಿ, "ಚಾಪ್ಟರ್ ಒಂದು ನೀನು, ಚಾಪ್ಟರ್ ಎರಡು ನಾನು" ಅಂತ ಹಂಚ್ಕೊಂಡು ಮಲಗಿಬಿಡ್ತೀವಿ. ನಾನು ಬಿ.ಕಾಂ ಕೊನೇ ವರ್ಷದಲ್ಲಿ ಇದನ್ನೇ ಮಾಡಿದ್ದೆ. ಸಬ್ಮಿಷನ್ ಹಿಂದಿನ ರಾತ್ರಿ ಎಣಿಸಿದ್ರ, ರೈತರಿಂದ ತುಂಬಿಸಬೇಕಾದ ಪ್ರಶ್ನಾವಳಿಗಳಲ್ಲಿ 14 ಖಾಲಿ. ಖೋಲಿಯಲ್ಲಿ ಕೂತು ನಾವೇ ತುಂಬಿದ್ವಿ. ವೈವಾದಾಗ ಸರ್ ಎರಡು ಹಾಳೆ ಪಕ್ಕಪಕ್ಕ ಇಟ್ಟು ಕೇಳಿದ್ರು: "ಈ ಇಬ್ಬರೂ ರೈತರ ಅಕ್ಷರ ಒಂದೇ ಥರ ಐತೆಲ್ಲ?" ನನ್ನ ಕಡೆ ಉತ್ತರ ಇರಲಿಲ್ಲ. ಟೀಮಿನ ಒಬ್ಬ ಗೆಳೆಯ ಆಮೇಲೆ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ. ತಪ್ಪು ನಂದೇ, ಕೆಲಸ ಹಂಚಿದವನು ನಾನೇ.

ಅದಕ್ಕೆ ಇವತ್ತು ಒಂದೇ ಉದಾಹರಣೆ ತಗೊಂಡು ಪೂರ್ತಿ ಬಿಡಿಸೋಣ. ನಮ್ಮ ಗದಗ ಜಿಲ್ಲೆಗೆ ಹೊಂದೋ ವಿಷಯ: ಒಂದು ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಅಧ್ಯಯನ, ಅಂದ್ರ ನಾವೆಲ್ಲ 'ಸೊಸೈಟಿ' ಅಂತೀವಲ್ಲ, ಅದು. ಬ್ರೀಫ್ ಜನವರಿ 5ಕ್ಕೆ ಕೈಗೆ ಬಂತು, ಸಬ್ಮಿಷನ್ ಫೆಬ್ರವರಿ 20, ಟೀಮಿನಲ್ಲಿ ಐದು ಮಂದಿ ಅಂತ ಇಟ್ಕೊಳ್ರಿ.

ಮೊದಲ ಕೆಲಸ, ಬ್ರೀಫನ್ನ ಪ್ರಿಂಟ್ ತೆಗೆದು ಪೆನ್ ಹಿಡಿದು ಓದೋದು. ಮೂರು ಥರದ ಗುರುತು ಸಾಕು. ಕೈಯಾರೆ ಕೊಡಬೇಕಾದ ವಸ್ತುವಿಗೆ ಗೆರೆ, ಷರತ್ತಿಗೆ ಚೌಕ, ಅಂಕಕ್ಕೆ ವೃತ್ತ. ನಮ್ಮ ಉದಾಹರಣೆಯಲ್ಲಿ ಗೆರೆ ಬಿದ್ದದ್ದು ಇಷ್ಟಕ್ಕೆ: ಸಹಕಾರದ ಹಿನ್ನೆಲೆ, ಸಂಘದ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಹೋಲಿಕೆ, 40 ಸದಸ್ಯ ರೈತರ ಸರ್ವೆ, ಅದರ ವಿಶ್ಲೇಷಣೆ, ವರದಿ, ಹತ್ತು ನಿಮಿಷದ ಪ್ರೆಸೆಂಟೇಶನ್. ಚೌಕ ಬಿದ್ದದ್ದು ಮೂರನೇ ಪುಟದ ಕೆಳಗೆ, ಯಾರೂ ಓದದ ಜಾಗದಲ್ಲಿ: ತುಂಬಿದ ಪ್ರಶ್ನಾವಳಿಗಳನ್ನ ಸಹಿ ಸಮೇತ ಲಗತ್ತಿಸಬೇಕು, ಪೂರ್ತಿ ಕರಡನ್ನ ಗೈಡ್‌ಗೆ ಒಂದು ವಾರ ಮೊದಲೇ ತೋರಿಸಬೇಕು. ಈ ಎರಡನೇ ಸಾಲು ನೋಡ್ರಿ, ಇದು ನಿಮ್ಮ ಕೊನೇ ದಿನವನ್ನೇ ಬದಲು ಮಾಡ್ತದ. ನಿಮ್ಮ ನಿಜವಾದ ಗಡುವು ಫೆಬ್ರವರಿ 20 ಅಲ್ಲ, 13.

ಅಂಕದ ವೃತ್ತ ಯಾಕ ಬೇಕು ಅಂದ್ರ, ಯಾವುದಕ್ಕೆ ಎಷ್ಟು ಬೆವರು ಅಂತ ಅದು ಹೇಳ್ತದ. ಹಿನ್ನೆಲೆ ಅಧ್ಯಾಯ ಬರೆಯೋದು ಸುಲಭ, ರುಚಿನೂ ಐತಿ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲೇ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯ್ತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಇದನ್ನ ಬರೆಯೋಕೆ ಕೂತ್ರ ಹನ್ನೆರಡು ಪುಟ ಆಗ್ತದ. ಆದ್ರ ಬ್ರೀಫಿನಲ್ಲಿ ಅದಕ್ಕೆ 5 ಅಂಕ, ಸರ್ವೆ ಮತ್ತು ವಿಶ್ಲೇಷಣೆಗೆ 20 ಇದ್ರ, ಹಿನ್ನೆಲೆಗೆ ಮೂರು ಪುಟ ಅಂತ ಮೊದಲೇ ಬೇಲಿ ಹಾಕಬೇಕು.

ಈಗ ಅಸಲಿ ಗಂಟು. ಅಧ್ಯಾಯದ ಪ್ರಕಾರ ಹಂಚಿದ್ರ ಯಾಕ ಕೆಡ್ತದ? ಯಾಕಂದ್ರ ಅಧ್ಯಾಯಗಳು ಬರೆಯೋ ಕ್ರಮ ಬೇರೆ, ಕೆಲಸ ಒಂದಕ್ಕೊಂದು ಕಾಯೋ ಕ್ರಮ ಬೇರೆ. ನಮ್ಮ ಟೀಮಿನಲ್ಲಿ ಪ್ರಶ್ನಾವಳಿ ಮಾಡಿದವನು ಒಬ್ಬ, ವಿಶ್ಲೇಷಣೆ ಬರೆಯಬೇಕಾದವಳು ಇನ್ನೊಬ್ಬಳು. ಬ್ರೀಫ್ ಕೇಳಿದ್ದು, 'ಹಿಡುವಳಿ ಪ್ರಮಾಣಕ್ಕೆ ತಕ್ಕಂತೆ ಸಾಲದ ಬಳಕೆ ಹೇಗೆ ಬದಲಾಗುತ್ತದೆ' ಅಂತ. ಪ್ರಶ್ನಾವಳಿಯಲ್ಲಿ ಹೆಸರು, ವಯಸ್ಸು, ಸಾಲದ ಮೊತ್ತ ಎಲ್ಲ ಇತ್ತು. ಎಷ್ಟು ಎಕರೆ ಹೊಲ ಅನ್ನೋ ಪ್ರಶ್ನೆನೇ ಇರಲಿಲ್ಲ! ಗೊತ್ತಾಗಿದ್ದು ಸರ್ವೆ ಅರ್ಧ ಮುಗಿದ ಮೇಲೆ. ಮತ್ತೆ ಮನೆ ಮನೆಗೆ ಹೋಗೋದರಲ್ಲಿ ದಿನ ಹೋದ್ವು, ಆ 14 ಹಾಳೆ ಖಾಲಿ ಉಳಿದದ್ದು ಹಂಗ.

ಇದಕ್ಕೆ ಮದ್ದು: ಪ್ರಶ್ನಾವಳಿಗಿಂತ ಮೊದಲು ಖಾಲಿ ಟೇಬಲ್ ಬರೀರಿ. ಅಂದ್ರ ವರದಿಯಲ್ಲಿ ಕೊನೆಗೆ ಬರೋ ಟೇಬಲನ್ನ ಅಂಕಿ ಇಲ್ಲದೇ ಮೊದಲೇ ಗೆರೆ ಹಾಕಿ ಇಡೋದು. ಅಡ್ಡ ಸಾಲಿನಲ್ಲಿ ಎರಡೂವರೆ ಎಕರೆ ತನಕ, ಎರಡೂವರೆಯಿಂದ ಐದು, ಐದರ ಮೇಲೆ. ಮೇಲೆ ಕಾಲಮ್ಮಿನಲ್ಲಿ ಬೀಜ-ಗೊಬ್ಬರ, ಕೂಲಿ, ಮನೆಖರ್ಚು, ಹಳೇ ಸಾಲ ತೀರಿಸಿದ್ದು. ಈ ಖಾಲಿ ಟೇಬಲ್ ನೋಡಿದ ಕೂಡಲೇ ಯಾವ ಎರಡು ಪ್ರಶ್ನೆ ಕೇಳಬೇಕು ಅಂತ ತಾನೇ ಗೊತ್ತಾಗ್ತದ. ಯಾವ ಟೇಬಲ್ಲಿಗೂ ಹೋಗದ ಪ್ರಶ್ನೆ ಇದ್ರ ಕಿತ್ತು ಹಾಕ್ರಿ. ಟೇಬಲ್, ಪ್ರಶ್ನಾವಳಿ, ವಿಶ್ಲೇಷಣೆ, ಈ ಮೂರೂ ಒಬ್ಬರ ಹೆಸರಿನಲ್ಲೇ ಇರಬೇಕು.

ಮುಂದೆ, ತಾರೀಖು. ಹಿಂದಿನಿಂದ ಮುಂದಕ್ಕೆ ಎಣಿಸ್ರಿ. ಫೆಬ್ರವರಿ 18ಕ್ಕೆ ಪ್ರಿಂಟ್ ಮತ್ತು ಬೈಂಡಿಂಗ್ ಅಂಗಡಿಗೆ. 13ಕ್ಕೆ ಪೂರ್ತಿ ಕರಡು ಗೈಡ್ ಕೈಯಲ್ಲಿ. ಅದಕ್ಕೆ ಮೊದಲು ಒಬ್ಬರು ಕೂತು ಇಡೀ ವರದಿ ಒಂದೇ ಉಸಿರಿನಲ್ಲಿ ಓದಬೇಕು, ಮೂರು ದಿನ ಇಡ್ರಿ. ಹಂಗಾಗಿ 9ಕ್ಕೆ ಎಲ್ಲ ಭಾಗ ಜೋಡಣೆ ಆಗಿರಬೇಕು. ಟೇಬಲ್ ತುಂಬಿ ಬರೆಯೋಕೆ ಐದಾರು ದಿನ. ಅಂದ್ರ ಫೆಬ್ರವರಿ 3ಕ್ಕೆ 40 ಪ್ರಶ್ನಾವಳಿಯ ಡೇಟಾ ಎಂಟ್ರಿ ಮುಗೀಬೇಕು, 1ಕ್ಕೆ ಸರ್ವೆ ಮುಗೀಬೇಕು.

ಸರ್ವೆಗೆ ಎಷ್ಟು ದಿನ? ಒಬ್ಬ ರೈತರ ಜೊತೆ 25 ನಿಮಿಷ ಅಂತ ಹಿಡೀರಿ. ಜನವರಿಯಲ್ಲಿ ಹಗಲು ಹೋದ್ರ ಮನೆಯಲ್ಲಿ ಯಾರೂ ಸಿಗಲ್ಲ, ಹಿಂಗಾರಿ ಕಡಲೆ, ಜೋಳದ ಕೆಲಸ ಇರ್ತದ. ಸಂಜೆ ಆರೂವರೆಯಿಂದ ಒಂಬತ್ತೂವರೆ. ಇಬ್ಬರ ಒಂದು ಜೋಡಿಗೆ, ಓಣಿ ಓಣಿ ಓಡಾಟ ಸೇರಿ, ಒಂದು ಸಂಜೆಗೆ ಐದು ಮನೆ. ಎರಡು ಜೋಡಿಗೆ ಹತ್ತು. ನಲವತ್ತಕ್ಕೆ ನಾಲ್ಕು ಸಂಜೆ. ಯಾರದೋ ಮದುವೆ, ಯಾರಿಗೋ ಜ್ವರ ಅಂತ ಇನ್ನೆರಡು ಸಂಜೆ ಖಾಲಿ ಬಿಡ್ರಿ. ಜನವರಿ 25ಕ್ಕೆ ಶುರು ಮಾಡಿದ್ರ ಆರಾಮ.

ಅದಕ್ಕೂ ಮೊದಲು 22ಕ್ಕೆ ಮೂರ್ನಾಲ್ಕು ಮಂದಿ ರೈತರ ಹತ್ರ ಪ್ರಶ್ನಾವಳಿ ಟ್ರಯಲ್. 18ಕ್ಕೆ ಖಾಲಿ ಟೇಬಲ್ ಮತ್ತು ಪ್ರಶ್ನಾವಳಿಗೆ ಗೈಡ್ ಒಪ್ಪಿಗೆ. ಮಧ್ಯದಲ್ಲಿ ಸಂಕ್ರಾಂತಿ ಬರ್ತದ, ಆ ಎರಡು ದಿನ ಯಾರ ಹೆಸರಿನಲ್ಲೂ ಕೆಲಸ ಬರೀಬೇಡ್ರಿ. ಬರೆದ್ರೂ ಆಗಲ್ಲ, ಎಲ್ಲರಿಗೂ ಗೊತ್ತೈತಿ.

ಆದ್ರ ಎಲ್ಲಕ್ಕಿಂತ ಮೊದಲು ಹೊರಡಬೇಕಾದ್ದು ಅನುಮತಿ ಪತ್ರ. ಪತ್ರ ಬರೆಯೋದು ಅರ್ಧ ಗಂಟೆ ಕೆಲಸ. ಕಾಲೇಜಿನ ಸಹಿ, ಸಂಘದ ಕಾರ್ಯದರ್ಶಿಯವರ ಒಪ್ಪಿಗೆ, ಬ್ಯಾಲೆನ್ಸ್ ಶೀಟ್ ಪ್ರತಿ ಸಿಗೋದು ಮಾತ್ರ ನಿಮ್ಮ ಕೈಯಲ್ಲಿ ಇಲ್ಲ. ಬೇರೆಯವರಿಗಾಗಿ ಕಾಯೋ ಕೆಲಸ ಎಷ್ಟೇ ಸಣ್ಣದಿರಲಿ, ಮೊದಲ ವಾರ ಶುರುವಾಗಬೇಕು. ಜನವರಿ 8ಕ್ಕೆ ಎರಡು ಸಂಘಗಳಿಗೆ ಪತ್ರ ಕೊಟ್ಟು ಸ್ವೀಕೃತಿ ಸಹಿ ತಗೊಳ್ರಿ. ಮೊದಲನೇದು 19ರೊಳಗ ಒಪ್ಪದಿದ್ರ ಎರಡನೇದಕ್ಕೆ ಹೋಗೋದು ಅಂತ ಅವತ್ತೇ ತೀರ್ಮಾನ ಮಾಡ್ರಿ. ಒಂದು ಒಪ್ಪಿದ ಮೇಲೆ ಇನ್ನೊಂದಕ್ಕೆ ಹೋಗಿ, ಧನ್ಯವಾದ ಹೇಳಿ, ಬೇಡ ಅಂತ ತಿಳಿಸೋದು ಮರೀಬೇಡ್ರಿ.

ಈಗ ಮಂದಿ. ಕೆಲಸದ ಸಂಖ್ಯೆ ಎಣಿಸಬೇಡ್ರಿ, ಗಂಟೆ ಎಣಿಸ್ರಿ. ನಾಲ್ಕು ಸಂಜೆ ಸರ್ವೆ ಮಾಡಿದವನಿಗೆ ಅದೇ 12 ಗಂಟೆ ಆಗ್ತದ. ಮೂರು ಪುಟ ಹಿನ್ನೆಲೆ ಬರೆದವನಿಗೂ ಅದಕ್ಕೂ ಸಮ ಅಂದ್ರ ಜಗಳ ಗ್ಯಾರಂಟಿ. ನಾನಾದ್ರ ಹಿಂಗ ಹಂಚ್ತೀನಿ. ಒಬ್ಬಳಿಗೆ ಪತ್ರ, ಸಂಘದ ಸಂಪರ್ಕ, ಬ್ಯಾಲೆನ್ಸ್ ಶೀಟ್ ಹೋಲಿಕೆ, ಜೊತೆಗೆ ಡೇಟಾ ಎಂಟ್ರಿ. ಇನ್ನೊಬ್ಬನಿಗೆ ಟೇಬಲ್, ಪ್ರಶ್ನಾವಳಿ, ವಿಶ್ಲೇಷಣೆ. ಮೂರನೆಯವನಿಗೆ ಹಿನ್ನೆಲೆ ಮತ್ತು ಕೊನೆಯ ಜೋಡಣೆ. ನಾಲ್ಕನೆಯವಳಿಗೆ ಸರ್ವೆಯ ಉಸ್ತುವಾರಿ: ಯಾವ ಓಣಿ, ಯಾವ ಮನೆ, ಸಹಿ ಆಯ್ತೋ ಇಲ್ಲೋ. ಐದನೆಯವನಿಗೆ ಪ್ರೆಸೆಂಟೇಶನ್, ಪ್ರಿಂಟ್, ಬೈಂಡಿಂಗ್. ಸರ್ವೆಯ ಜೋಡಿಗಳಲ್ಲಿ ಮೊದಲನೆಯವಳನ್ನ ಬಿಟ್ಟು ಉಳಿದ ನಾಲ್ಕೂ ಮಂದಿ. ಅವರು ಫೋಟೋ ಹೊಡೆದು ಕಳಿಸಿದ್ದನ್ನ ಅವಳು ಅದೇ ರಾತ್ರಿ ಶೀಟಿಗೆ ಏರಿಸ್ತಾಳ. ಬಿಟ್ಟುಹೋದ ಉತ್ತರ ಮರುದಿನವೇ ಗೊತ್ತಾಗ್ತದ, ರೈತರಿಗೂ ನಿಮ್ಮ ಮುಖ ಇನ್ನೂ ನೆನಪಿರ್ತದ. ಹಳ್ಳಿಯಿಂದ ಬರೋ ಗೆಳೆಯನಿಗೆ ಕೊನೇ ಬಸ್ ಎಷ್ಟಕ್ಕ ಅಂತ ಮೊದಲೇ ಕೇಳ್ರಿ. ಅವನ ಊರಿನ ಸಂಘವನ್ನೇ ಆರಿಸ್ಕೊಂಡ್ರ ಅವನ ಜೋಡಿಯ ಕೆಲಸ ಅರ್ಧ ಹಗುರ.

ಇನ್ನು ಮೈಲಿಗಲ್ಲು. 'ಸರ್ವೆ ನಡೆಯುತ್ತಿದೆ' ಅನ್ನೋದು ಮೈಲಿಗಲ್ಲಲ್ಲ. 'ಸಹಿ ಇರುವ 40 ಪ್ರಶ್ನಾವಳಿ ಫೈಲಿನಲ್ಲಿ ಇವೆ' ಅನ್ನೋದು ಮೈಲಿಗಲ್ಲು. ಹೌದು ಅಥವಾ ಇಲ್ಲ, ಎರಡೇ ಉತ್ತರ ಬರಬೇಕು. ಫೋನಿನಲ್ಲಿ ಒಂದು ಗೂಗಲ್ ಶೀಟ್ ಮಾಡಿ ಐದು ಕಾಲಮ್ ಇಡ್ರಿ: ಕೆಲಸ, ಕೊನೆಗೆ ಕೈಗೆ ಬರೋ ವಸ್ತು, ಒಂದೇ ಒಂದು ಹೆಸರು, ಯಾವುದಕ್ಕೆ ಕಾಯಬೇಕು, ತಾರೀಖು. ಹೆಸರಿನ ಕಾಲಮ್ಮಿನಲ್ಲಿ 'ಎಲ್ಲರೂ' ಅಂತ ಬರೆದಿದ್ರ ಅದರ ಅರ್ಥ 'ಯಾರೂ ಇಲ್ಲ'.

ಹದಗೆಡ್ತಾ ಇದೆ ಅಂತ ಹೆಂಗ ತಿಳೀತದ? ಒಂದೇ ಕೆಲಸದ ಬಗ್ಗೆ ಎರಡು ಸಲ "ಆಲ್ಮೋಸ್ಟ್ ಆಯ್ತು" ಅಂತ ಬಂದ್ರ ಅದು ಆಗಿಲ್ಲ. ಅವತ್ತೇ ಆ ಕೆಲಸ ಒಡೆದು ಅರ್ಧ ಬೇರೆಯವರಿಗೆ ಕೊಡ್ರಿ. ಸರ್ವೆಯ ಎರಡನೇ ಸಂಜೆ ಮುಗಿದಾಗ 20 ಇರಬೇಕಾದಲ್ಲಿ 12 ಇದ್ರ, ಅವತ್ತೇ ಲೆಕ್ಕ ಹಾಕಿ. ಇಟ್ಟಿರೋ ಎರಡು ಸಂಜೆ ಸಾಲಲ್ಲ ಅನಿಸಿದ್ರ ಗೈಡ್ ಹತ್ರ ಹೋಗಿ, "ಸರ್, 40ರ ಬದಲು 30 ಮಾಡಬಹುದಾ, ಕಾರಣ ವರದಿಯಲ್ಲೇ ಬರೀತೀವಿ" ಅಂತ ಕೇಳ್ರಿ. ಮೂರು ವಾರ ಮೊದಲು ಕೇಳಿದ್ರ ಅದು ಅಧ್ಯಯನದ ಮಿತಿ. ಹಿಂದಿನ ರಾತ್ರಿ ನಿಮ್ಮ ಪೆನ್ನಿನಿಂದ ತುಂಬಿದ್ರ ಅದು ಸುಳ್ಳು.

ಈ ಶೀಟ್ ಒಂದು ಕೆಲಸ ಮಾಡಲ್ಲ: ಮಾಡಲೇಬಾರದು ಅಂತ ಇರೋ ಗೆಳೆಯನನ್ನ ಮಾಡಿಸಲ್ಲ. ಆದ್ರ ಅವನ ಸಾಲು ಖಾಲಿ ಐತಿ ಅನ್ನೋದನ್ನ ಜನವರಿಯಲ್ಲೇ ತೋರಿಸ್ತದ. ಎರಡು ದಿನ ಮೊದಲೇ "ನನ್ನಿಂದ ಆಗಲ್ಲ" ಅಂದವನಿಗೆ ಬೈಯಬಾರದು ಅಂತ ಒಂದು ನಿಯಮ ಇಡ್ರಿ. ನಮ್ಮ ಟೀಮಿನಲ್ಲಿ ಆ ನಿಯಮ ಇರಲಿಲ್ಲ. ಮಾತು ಬಿಟ್ಟ ಆ ಗೆಳೆಯ ಆಮೇಲೆ ಹೇಳಿದ, ಆ ವಾರ ಅವರ ಮನೆಯಲ್ಲಿ ರಾಶಿ ಇತ್ತಂತ, ಹೇಳೋಕೆ ಸಂಕೋಚ ಆಗಿತ್ತಂತ. ಹೇಳಿದ್ದರ ಆ 14 ಹಾಳೆ ನಾವು ಹಂಚ್ಕೋಬಹುದಿತ್ತು.

ಇವತ್ತಿಗೆ ಇಷ್ಟೇ. ನಿಮ್ಮ ಬ್ರೀಫಿನ ಮೂರನೇ ಪುಟದ ಕೆಳಗಿನ ಸಾಲು ಓದಿದ್ದೀರೋ ಇಲ್ಲೋ, ಈಗಲೇ ನೋಡ್ಕೋರಿ. ಬರ್ತೀನ್ರಿ.